ನೋಡದೇ ಹೋದವರು

ಮ್ಯಾನೇಜರ್ ಬೆಳಿಗ್ಗೆಯಿಂದ ಫೋನು ಕೆಳಗಿಟ್ಟಿರಲಿಲ್ಲ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ ಮತ್ತೆ ಮತ್ತೆ ಪರದೆ ಮುಟ್ಟಿ ನೋಡುತ್ತಿದ್ದ, ನೋಡಿದಾಗಲೆಲ್ಲ "ಛೇ" ಅನ್ನುತ್ತಿದ್ದ. ಆ ಛೇಗಳನ್ನು ಕೇಳಿ ಕೇಳಿ ಟೈಲರಮ್ಮನಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಮಷೀನಿನ ಕೆಳಗೆ ಯಾರದೋ ಕೋಟಿನ ತೋಳಿತ್ತು, ಸಂಜೆಯೊಳಗೆ ಕೊಡಬೇಕಾದದ್ದು.

"ಇನ್ನೂ ಹನ್ನೊಂದು ಜನ ಹೋದ್ರು ಕಣೇ."

"ಹೋಗ್ಲಿ ಬಿಡ್ರೀ. ಹೋಗೋವಾಗ ಬಾಗಿಲು ಹಾಕ್ಕೊಂಡು ಹೋಗೋಕೆ ಹೇಳಿ."

"ನಿಂಗೆ ತಮಾಷೆ."

ತಮಾಷೆಯೇನೂ ಇರಲಿಲ್ಲ. ಆದರೆ ಇಬ್ಬರೂ ಒಟ್ಟಿಗೆ ಫೋನು ಹಿಡಿದು ಅಳುತ್ತ ಕೂತರೆ ಕೋಟು ಹೊಲಿಯುವವರು ಯಾರು?

ಇವರಿಬ್ಬರೂ ಗಂಡ ಹೆಂಡತಿ. ಅವಳು ಮನೆಯ ಮುಂದಿನ ಕೋಣೆಯಲ್ಲಿ ಮಷೀನು ಹಾಕಿಕೊಂಡು ಊರವರ ಬಟ್ಟೆ ಚಿಕ್ಕದು ದೊಡ್ಡದು ಮಾಡಿಕೊಡುವವಳು. ಅದಕ್ಕೇ ಬೀದಿಗೆಲ್ಲ ಟೈಲರಮ್ಮ. ಅವನು ಹಾರ್ಡ್‌ವೇರ್ ಅಂಗಡಿಯ ಬಿಲ್ ಕೌಂಟರಿನಲ್ಲಿ ಕೂರುವವನು. ಹೆಂಡತಿ ಹೊಲಿಗೆ ಪಾಠದ ಚಾನೆಲ್ ಶುರು ಮಾಡಿದ ದಿನವೇ ತನಗೆ ತಾನೇ ಮ್ಯಾನೇಜರ್ ಪದವಿ ದಯಪಾಲಿಸಿಕೊಂಡ. ಪಾಠ ಹೇಳುವವಳು ಅವಳು, ಫೋನು ಸ್ಟ್ಯಾಂಡಿಗೆ ಹಾಕಿ ಚಿತ್ರೀಕರಿಸುವವಳು ಅವಳು, ಕತ್ತರಿಸಿ ಜೋಡಿಸುವವಳೂ ಅವಳೇ. ಮ್ಯಾನೇಜರ್ ಸಾಹೇಬರದು ಎರಡೇ ಕೆಲಸ: ವಿಡಿಯೋದ ಮುಖಕ್ಕೆ ಹಾಕುವ ಥಂಬ್‌ನೇಲ್ ಚಿತ್ರ ಮಾಡುವುದು, ಸಬ್‌ಸ್ಕ್ರೈಬರುಗಳ ಸಂಖ್ಯೆ ನೋಡಿ ಬಿ.ಪಿ. ಏರಿಸಿಕೊಳ್ಳುವುದು. ಎರಡನೆಯದನ್ನು ಬಲು ನಿಷ್ಠೆಯಿಂದ ಮಾಡುತ್ತಿದ್ದ.

ಅಂಗಡಿಗೆ ರಜವಿದ್ದ ಅವತ್ತು ಬೆಳಿಗ್ಗೆ ಹಾಕಿದ್ದು ಅತ್ತೆಯ ವಿಡಿಯೋ. ಮ್ಯಾನೇಜರನ ಅಮ್ಮ ತಮ್ಮ ಮದುವೆಗೂ ಮೊದಲಿನಿಂದ ಒಂದು ದೊಡ್ಡ ಲಾಂಡ್ರಿಯಲ್ಲಿ ರಫು ಕೆಲಸ ಮಾಡಿದವರು. ಸಿಗರೇಟು ಸುಟ್ಟ ತೂತು, ಮೊಳೆಗೆ ಸಿಕ್ಕಿ ಹರಿದ ಜಾಗ, ನುಸಿ ತಿಂದದ್ದು, ಎಲ್ಲಕ್ಕೂ ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿ, ಹಾಸಿಗೊಂದು ಹೊಕ್ಕಿಗೊಂದು ಸೂಜಿಯಲ್ಲಿ ನೇಯ್ದು ಮುಚ್ಚುವುದು. ಲಾಂಡ್ರಿ ಮುಚ್ಚಿದ ಮೇಲೆ ಕಿಟಕಿ ಪಕ್ಕದ ಕುರ್ಚಿಯೇ ಅವರ ಲೋಕವಾಗಿತ್ತು. ವಿಡಿಯೋ ಮಾಡೋಣ ಅಂದಾಗ ಮೊದಲು "ನನ್ನ ಮುಸುಡಿ ಯಾರೇ ನೋಡ್ತಾರೆ" ಎಂದು ಉಗಿದರು. ಸೊಸೆ ಬಿಡಲಿಲ್ಲ. ಕೊನೆಗೆ ಒಪ್ಪಿದವರು, ಚಿತ್ರೀಕರಣದ ದಿನ ತಲೆ ಮೂರು ಸಲ ಬಾಚಿಕೊಂಡು, ಕನ್ನಡಕ ಒರೆಸಿ ಒರೆಸಿ, ಸ್ಟ್ಯಾಂಡಿನ ಮುಂದೆ ಕೂತದ್ದೇ ತಡ ಬೇರೆಯೇ ವ್ಯಕ್ತಿಯಾಗಿಬಿಟ್ಟರು. ಸೂಜಿ ಹಿಡಿದ ಕೈ ನಡುಗಲಿಲ್ಲ, ಮಾತು ತಡವರಿಸಲಿಲ್ಲ. ಮುಗಿದ ಮೇಲೆ ತಾವೇ ಕೇಳಿದರು: "ಮುಂದಿನ ಸಲ ಸ್ವೆಟರಿನ ಮೊಣಕೈ ತೋರಿಸ್ಲೇನೇ? ಅದು ಇನ್ನೂ ಚೆನ್ನಾಗಿರತ್ತೆ." ಅಷ್ಟು ವರ್ಷದಲ್ಲಿ ಅತ್ತೆ ಏನನ್ನಾದರೂ ತಾವಾಗಿ ಕೇಳಿದ್ದು ಅದೇ ಮೊದಲು. ಟೈಲರಮ್ಮನಿಗೆ ಕಣ್ಣು ತುಂಬಿಬಂದಿತ್ತು. ಪಕ್ಕದ ಮನೆಯವರ ಹರಿದ ಸ್ವೆಟರನ್ನು ಅವತ್ತೇ ಇಸಿದುಕೊಂಡು ಬಂದಳು.

ಈಗ ಈ ಮನುಷ್ಯ ಛೇ ಛೇ ಅನ್ನುತ್ತಿದ್ದಾನೆ.

ಮಧ್ಯಾಹ್ನ ಊಟಕ್ಕೆ ಕೂತಾಗಲೂ ಫೋನು ತಟ್ಟೆಯ ಪಕ್ಕದಲ್ಲೇ ಇತ್ತು. ಅತ್ತೆ ಎದುರಿಗೆ ಕೂತಿದ್ದರು. ಅವರೂ ಬೆಳಿಗ್ಗೆಯಿಂದ ಏನೂ ಕೇಳದೆ, ಕೇಳಬೇಕೆಂದು ಚಡಪಡಿಸುತ್ತ ಇದ್ದವರು, ಕೊನೆಗೆ ಮೆಲ್ಲಗೆ ಬಾಯಿಬಿಟ್ಟರು.

"ಹೇಗಿದ್ಯಂತೋ ನನ್ನ ವಿಡಿಯೋ? ಯಾರಾದ್ರೂ ನೋಡಿದ್ರೇನೋ?"

ಆ ಕ್ಷಣಕ್ಕೆ ಸರಿಯಾಗಿ ಮ್ಯಾನೇಜರನ ಫೋನಿನಲ್ಲಿ ಇನ್ನೂ ಏಳು ಜನ ಹೋಗಿದ್ದರು.

"ನೋಡೋದೇನಮ್ಮ? ನಿನ್ನ ಮುಖ ಕಂಡಿದ್ದೇ ತಡ ಜನ ಎದ್ದು ಬಿದ್ದು ಓಡಿಹೋಗ್ತಿದಾರೆ. ಇನ್ನೂರರ ಹತ್ರ ಆಯ್ತು."

ಅವನು ಕೆಟ್ಟವನಲ್ಲ. ಅಮ್ಮನಿಗೆ ಕಾಲುನೋವೆಂದರೆ ಅರ್ಧ ದಿನ ರಜ ಹಾಕಿ ಓಡಿಬರುವವನು. ಆದರೆ ಸಂಖ್ಯೆ ಇಳಿಯುತ್ತಿರುವಾಗ ಅವನ ಬಾಯಿಗೂ ತಲೆಗೂ ಸಂಬಂಧ ತಪ್ಪಿಹೋಗುತ್ತಿತ್ತು. ಟೈಲರಮ್ಮ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಅವನು "ಯಾಕೇ ತುಳೀತೀಯ?" ಎಂದು ಜೋರಾಗಿಯೇ ಕೇಳಿದ.

ಅತ್ತೆ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. "ಹಾಗಾದ್ರೆ ತೆಗೆದುಬಿಡಪ್ಪ. ನಿಮ್ಮ ಚಾನೆಲ್ಲು ಯಾಕೆ ಹಾಳಾಗ್ಬೇಕು" ಎಂದರು. ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡರು, ತಟ್ಟೆ ತೊಳೆದಿಟ್ಟರು. ಆಮೇಲೆ ಕಿಟಕಿ ಹತ್ತಿರ ಹೋಗಿ ಸೂಜಿ ಡಬ್ಬಿ ಎತ್ತಿಕೊಂಡು, ಕೈಗೆ ಸುಲಭಕ್ಕೆ ಸಿಗದ ಮೇಲಿನ ಕಪಾಟಿಗೆ ಹಾಕಿ, ಪಕ್ಕದ ಮನೆಯವರ ಸ್ವೆಟರನ್ನು ಮಡಿಸಿ ಬಾಗಿಲ ಹತ್ತಿರ ಇಟ್ಟರು.

ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಗಂಡನನ್ನು ಮುಂದಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಅಷ್ಟರಲ್ಲಿ ಅವನು ಮಾಡುವುದನ್ನು ಮಾಡಿ ಮುಗಿಸಿದ್ದ.

"ಪ್ರೈವೇಟ್ ಮಾಡಿದೀನಿ. ಇನ್ನು ಯಾರಿಗೂ ಕಾಣಲ್ಲ."

ಇದು ಅವನ ಹಳೆಯ ಮದ್ದು. ಸಂಖ್ಯೆ ಇಳಿದರೆ ಹೊಸ ವಿಡಿಯೋ ಮುಚ್ಚಿಡುವುದು. ಕಾಲರ್ ತಿರುಗಿಸುವ ಪಾಠ ಹೀಗೇ ಹೋಯಿತು. ಜಿಪ್ ಬದಲಾಯಿಸುವುದು ಹೋಯಿತು. ಕೋಟಿನ ಜೇಬು, ಅದಕ್ಕಾಗಿ ಅವಳು ಒಂದು ವಾರ ಒದ್ದಾಡಿದ್ದಳು, ಅದೂ ಹೋಯಿತು. ಪ್ರತಿ ಸಲ ಅವಳು ಸುಮ್ಮನಿದ್ದಳು. ಯಾಕೆಂದರೆ ಒಳಗೊಳಗೆ ಅವಳಿಗೂ ಅನುಮಾನ: ನನ್ನ ದನಿ ಸರಿಯಿಲ್ಲವೇನೋ, ನನ್ನ ವಿವರಣೆ ಉದ್ದವಾಯಿತೇನೋ, ಜನಕ್ಕೆ ನಾನು ಇಷ್ಟವಿಲ್ಲವೇನೋ. ತನ್ನ ಮೇಲೆ ಬಂದಾಗ ನುಂಗಿಕೊಂಡವಳಿಗೆ ಅತ್ತೆಯ ಮೇಲೆ ಬಂದಾಗ ನುಂಗಲಾಗಲಿಲ್ಲ.

"ತೆರೀರಿ ಅದನ್ನ. ಈಗ್ಲೇ ವಾಪಸ್ ಎಲ್ಲರಿಗೂ ಕಾಣೋ ಹಾಗೆ ಮಾಡಿ."

"ತಲೆ ಕೆಟ್ಟಿದೆಯಾ? ಲೆಕ್ಕ ನೋಡೇ ನೀನು. ಹೋದ ವಾರ ನಾವೇನೂ ಹಾಕ್ಲಿಲ್ಲ. ಒಬ್ಬರಾದ್ರೂ ಹೋದ್ರಾ? ಹೆಚ್ಚು ಕಮ್ಮಿ ಯಾರೂ ಇಲ್ಲ. ಇವತ್ತು ಹಾಕಿದ್ವಿ, ಇನ್ನೂರು ಜನ ಔಟ್. ಇದಕ್ಕಿಂತ ಸಾಕ್ಷಿ ಬೇಕಾ?"

"ಹಾಗಾದ್ರೆ ಏನೂ ಹಾಕದೇ ಇರೋಣ. ನಾನು ಮಷೀನಿಗೆ ಬಟ್ಟೆ ಮುಚ್ಚಿ ಮಲಗ್ತೀನಿ. ನಿಮ್ಮ ಅಂಗಡಿಗೂ ಷಟರ್ ಎಳೀರಿ, ಜಗಳ ಆಡ್ಕೊಂಡು ಹೋಗೋ ಗಿರಾಕಿ ಒಬ್ಬನೂ ಇರಲ್ಲ."

ಅವಳು ಅವನ ಕೈಯಿಂದ ಫೋನು ಕಿತ್ತುಕೊಂಡು ತಾನೇ ವಿಡಿಯೋವನ್ನು ವಾಪಸು ತೆರೆದಿಟ್ಟಳು. ಹಾಗೇ ಸಂಖ್ಯೆ ಏರಿಳಿದದ್ದನ್ನು ತೋರಿಸುವ ಗ್ರಾಫಿನ ಗೆರೆಯನ್ನೂ ಹಿಂದಿನ ದಿನಗಳಿಗೆ ಸರಿಸಿ ನೋಡಿದಳು. ಕಾಲರ್ ಹಾಕಿದ ದಿನ ಒಂದು ಹಳ್ಳ. ಜಿಪ್ ಹಾಕಿದ ದಿನ ಒಂದು ಹಳ್ಳ. ಜೇಬಿಗೂ ಹಳ್ಳ. ಬೇರೆ ಬೇರೆ ಪಾಠ, ಆದರೆ ಹಳ್ಳ ಮಾತ್ರ ಅಣ್ಣತಮ್ಮಂದಿರ ಹಾಗೆ ಒಂದೇ ಮುಖದವು.

"ರೀ, ಎಲ್ಲಾ ವಿಡಿಯೋಗೂ ಒಂದೇ ಥರ ಜನ ಹೋಗಿದಾರೆ. ಅತ್ತೆ ಇರ್ಲಿ, ನಾನಿರ್ಲಿ, ಜಿಪ್ ಇರ್ಲಿ. ಎಲ್ಲಾದೂ ಒಂದೇ ಅಳತೆಗೆ ಕೆಟ್ಟದಾಗಿರೋಕೆ ಸಾಧ್ಯ ಏನ್ರೀ?"

"ಅಂದ್ರೆ ನಮ್ಮ ಚಾನೆಲ್ಲೇ ಕೆಟ್ಟದು ಅಂತೀಯಾ?" ಎಂದ ಮ್ಯಾನೇಜರ್. ಇಂಥ ಮನುಷ್ಯನಿಗೆ ಯಾವ ದಾರಿಯಲ್ಲಿ ಹೋದರೂ ಕೊನೆಗೆ ಅಳುವ ಜಾಗ ಸಿಗುತ್ತದೆ.

"ಎಷ್ಟು ಜನ, ಎಲ್ಲಿಂದ ಎದ್ದು ಹೋದ್ರು ಅಂತ ಒಳಗಿನ ಲೆಕ್ಕದಲ್ಲಿ ಬರತ್ತೆ. ಬಿಡಿಬಿಡಿಯಾಗಿ ಬರೋಕೆ ಒಂದೆರಡು ದಿನ ಹಿಡಿಯತ್ತೆ. ಅಲ್ಲೀವರೆಗೂ ವಿಡಿಯೋ ಮುಟ್ಟಿದ್ರೆ ನೋಡಿ."

ಆ ಒಂದೆರಡು ದಿನ ಮನೆಯಲ್ಲಿ ಸಾವಿನ ಸೂತಕ. ಅತ್ತೆ ಮಾತಾಡುತ್ತಿದ್ದರು, ನಗುತ್ತಲೂ ಇದ್ದರು, ಆದರೆ ಅತಿಥಿಗಳ ಮುಂದೆ ನಗುವ ನಗು. ಕೋಟಿನ ಗುಂಡಿ ಕಿತ್ತುಬಂದದ್ದನ್ನು ಸೊಸೆ ಬೇಕೆಂದೇ ಅವರ ಮುಂದಿಟ್ಟರೆ "ನೀನೇ ಹಾಕ್ಕೊಳ್ಳೇ, ನನ್ನ ಕಣ್ಣು ಸರಿ ಕಾಣಲ್ಲ" ಎಂದರು. ಮೂರು ದಿನದ ಹಿಂದೆ ಕೂದಲೆಳೆಯ ಮೇಲೆ ಕೂದಲೆಳೆ ನೇಯ್ದ ಕಣ್ಣು ಅದು. ಸ್ವೆಟರನ್ನು ಪಕ್ಕದ ಮನೆಗೆ ವಾಪಸು ಕೊಟ್ಟುಬಾ ಎಂದು ಎರಡು ಸಲ ಹೇಳಿದರು. ಟೈಲರಮ್ಮ ಎರಡು ಸಲವೂ ಕಿವುಡಿಯಾದಳು. ಈ ಸ್ವೆಟರು ಹೋದರೆ ಅತ್ತೆ ಮತ್ತೆ ಕಿಟಕಿಯ ಪಕ್ಕದ ಕುರ್ಚಿಗೆ ಸೇರಿಬಿಡುತ್ತಾರೆ, ಆಮೇಲೆ ಕರೆದರೂ ಏಳುವುದಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು.

ಲೆಕ್ಕ ಬಂದ ಸಂಜೆ ಅವಳು ಮಷೀನಿನ ಮೇಲೆಯೇ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಚಾನೆಲ್ ನಡೆಸುವವರಿಗೆ ಮಾತ್ರ ಕಾಣುವ ಪುಟ ಅದು. ಸಬ್‌ಸ್ಕ್ರೈಬ್ ಆದವರು ಯಾವ ಜಾಗದಿಂದ ಸೇರಿದರು, ಬಿಟ್ಟವರು ಯಾವ ಜಾಗದಲ್ಲಿ ಬಟನ್ ಒತ್ತಿ ಬಿಟ್ಟರು ಎಂದು ವಿಂಗಡಿಸಿ ತೋರಿಸುತ್ತದೆ. ಯಾವ ವಿಡಿಯೋದ ಪುಟದಲ್ಲಿ ಎಷ್ಟು ಜನ ಅನ್ನುವುದನ್ನೂ ಬೇರೆ ಹೇಳುತ್ತದೆ. ಓದುತ್ತ ಓದುತ್ತ ಅವಳ ಹುಬ್ಬು ಮೇಲೇರಿತು. ಆಮೇಲೆ ಕೋಪ ಬಂತು. ಆಮೇಲೆ ತಡೆಯಲಾರದಷ್ಟು ನಗು ಬಂತು. ಅಷ್ಟರಲ್ಲಿ ಅಂಗಡಿಯಿಂದ ಮ್ಯಾನೇಜರ್ ಬಂದ.

"ಕೂತ್ಕೊಳ್ಳಿ" ಎಂದಳು. "ಅತ್ತೆ ವಿಡಿಯೋ ಪುಟದಿಂದ ಎಷ್ಟು ಜನ ಬಿಟ್ಟು ಹೋಗಿದಾರೆ, ಹೇಳಿ ನೋಡೋಣ."

"ಇನ್ನೂರ ಚಿಲ್ಲರೆ."

"ನಾಲ್ಕು."

ಅವನು ಕೂತ.

"ಅದೇ ಪುಟದಿಂದ ಹೊಸದಾಗಿ ಸೇರಿದವರು ಮೂವತ್ತೊಂದು. ಮಿಕ್ಕವರೆಲ್ಲ ಹೋಗಿರೋದು ಬೇರೆ ಕಡೆಯಿಂದ. ತಾವು ಯಾವ್ಯಾವ ಚಾನೆಲ್‌ಗೆ ಸೇರಿದೀವಿ ಅಂತ ಪಟ್ಟಿ ಇರತ್ತಲ್ಲ, ಅಲ್ಲಿಂದ ಹೋಗಿದಾರೆ. ನಮ್ಮ ಚಾನೆಲ್ ಪುಟಕ್ಕೆ ಬಂದು, ಇದ್ಯಾವ್ದಪ್ಪಾ ಇದು ಅಂತ ನೋಡಿ ಹೋಗಿದಾರೆ. ಒಂದಷ್ಟು ಖಾತೆಗಳು ಮುಚ್ಚಿಯೇ ಹೋಗಿವೆ, ಅದೂ ಇದರಲ್ಲೇ ಸೇರಿದೆ. ವಿಡಿಯೋ ನೋಡಿ ಬೇಸತ್ತು ಅಲ್ಲೇ ಬಟನ್ ಒತ್ತಿ ಹೋದವರು ನಾಲ್ಕೇ ಜನ."

"ಆದ್ರೆ ಹಾಕಿದ ದಿನವೇ ಯಾಕೆ ಹೋದ್ರು?"

"ಹಾಕಿದ ದಿನವೇ ತಾನೇ ನಾವು ಅವರ ಕಣ್ಣಿಗೆ ಬೀಳೋದು! ಯಾವತ್ತೋ ಸೇರಿ ಮರೆತಿರ್ತಾರೆ. ಹೊಸ ವಿಡಿಯೋ ಬಂದ್ರೆ ಅವರ ಫೋನಲ್ಲಿ ನಮ್ಮ ಹೆಸರು ಕಾಣತ್ತೆ. 'ಅಯ್ಯೋ, ಇದಿನ್ನೂ ಇದೆಯಾ' ಅಂತ ತೆಗೆದು ಬಿಸಾಕ್ತಾರೆ. ನಾವು ಹಾಕದೇ ಇದ್ರೆ ನಾವಿರೋದೇ ನೆನಪಿರಲ್ಲ, ಇನ್ನು ಬಿಡೋದೆಲ್ಲಿ ಬಂತು?"

ಮ್ಯಾನೇಜರ್ ಗಲ್ಲ ಕೆರೆದುಕೊಂಡ. "ಅಷ್ಟೊಂದು ಜನ ಮರೆಯೋಕೆ ನಾವೇನು ಅಷ್ಟು ಹಳಬರಾ?"

ಈ ಪ್ರಶ್ನೆಗೇ ಅವಳು ಕಾದಿದ್ದಳು. ಇನ್ನೊಂದು ಪುಟ ತೆರೆದು ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು. ಯಾವ ವಿಡಿಯೋದಿಂದ ಎಷ್ಟು ಜನ ಸೇರಿದರು ಅನ್ನುವ ಲೆಕ್ಕ. ಎಲ್ಲಕ್ಕಿಂತ ಮೇಲೆ, ಮಿಕ್ಕವನ್ನೆಲ್ಲ ಕಡ್ಡಿಯ ಹಾಗೆ ಮಾಡಿ, ಒಂದು ಉದ್ದನೆಯ ಪಟ್ಟೆ ನಿಂತಿತ್ತು.

ಅದು ಕಳೆದ ವರ್ಷದ ಪುಟ್ಟ ವಿಡಿಯೋ, ಶಾರ್ಟ್. ಮ್ಯಾನೇಜರ್ ಹೊಸ ಪ್ಯಾಂಟು ತೊಟ್ಟು "ಹೆಂಡತಿ ಹೊಲಿದ ಹೊಲಿಗೆ ಎಷ್ಟು ಗಟ್ಟಿ ನೋಡಿ" ಎಂದು ಬೀಗುತ್ತ ಬಗ್ಗಿದಾಗ, ಹಿಂದಿನ ಹೊಲಿಗೆ ಚರ್ರೆಂದು ಬಿಟ್ಟುಕೊಂಡದ್ದು. ಆ ಪ್ಯಾಂಟು ಅವಳು ಹೊಲಿದದ್ದೇ ಅಲ್ಲ, ಅಂಗಡಿಯಿಂದ ತಂದದ್ದು. ಅದು ಬೇರೆ ಜಗಳ. ಅವನೇ ಮೆಚ್ಚಿಕೊಂಡು ಚಾನೆಲ್‌ಗೆ ಹಾಕಿದ್ದ. ಲಕ್ಷಗಟ್ಟಲೆ ಜನ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು, ಸಾವಿರಗಟ್ಟಲೆ ಜನ ಆ ನಗುವಿನ ಭರದಲ್ಲೇ ಸಬ್‌ಸ್ಕ್ರೈಬ್ ಒತ್ತಿದರು. "ನಾನೊಬ್ಬನೇ ಚಾನೆಲ್ ಎತ್ತಿ ನಿಲ್ಲಿಸಿದೆ" ಎಂದು ಅವನು ಅಂಗಡಿಯವರಿಗೆಲ್ಲ ಸಿಹಿ ಹಂಚಿದ್ದ.

"ನೋಡಿ ಸ್ವಾಮಿ. ನಮ್ಮ ಸಬ್‌ಸ್ಕ್ರೈಬರುಗಳಲ್ಲಿ ಮುಕ್ಕಾಲು ಪಾಲು ಸೇರಿರೋದು ಕಾಲರ್ ಕಲಿಯೋಕಲ್ಲ. ನೀವು ಇನ್ನೊಂದು ಸಲ ಬಗ್ಗೋದನ್ನ ನೋಡೋಕೆ. ಅವರ ಮುಂದೆ ಹೋಗಿ ನಾವು ಜಿಪ್ಪು, ಜೇಬು, ರಫು ಅಂದ್ರೆ ಅವರೇನು ಮಾಡ್ಬೇಕು ಪಾಪ? ಅವತ್ತಿನಿಂದಲೇ ಈ ಹಳ್ಳಗಳು ಶುರುವಾಗಿರೋದು. ಅದಕ್ಕೆ ಮುಂಚೆ ನಾವು ಹಾಕಿದಾಗ ಐದೋ ಆರೋ ಜನ ಹೋಗೋರು, ಅಷ್ಟೇ."

ಮ್ಯಾನೇಜರ್ ಆ ಪಟ್ಟೆಯನ್ನೇ ನೋಡುತ್ತಿದ್ದ. ಮುಖ ಹುಳ್ಳಗಾಗಿತ್ತು. ಮುಳುಗುವವನಿಗೆ ಸಿಕ್ಕ ಹಾಗೆ ಅವನಿಗೆ ಒಂದು ಹುಲ್ಲುಕಡ್ಡಿ ಸಿಕ್ಕಿತು.

"ಹಾಗಾದ್ರೆ ಯಾರು ಹೋದ್ರೂ ವಿಡಿಯೋದ ತಪ್ಪೇ ಇರಲ್ಲ ಅಂತೀಯಾ? ಎಲ್ಲಾ ನಿಂದೇ ಸರಿ?"

"ಹಾಗೆಲ್ಲಿ ಅಂದೆ?" ಎಂದಳು ಅವಳು. ಇದನ್ನು ಹೇಳಲು ಅವಳಿಗೆ ಇಷ್ಟವಿರಲಿಲ್ಲ, ಆದರೂ ಹೇಳಿದಳು. "ಆ ಪ್ಯಾಂಟಿನ ವಿಡಿಯೋಗೂ ಮುಂಚಿನ ನನ್ನ ಎಲಾಸ್ಟಿಕ್ ವಿಡಿಯೋ ನೋಡಿ. ಅದರ ಪುಟದಿಂದಲೇ ದಿನಕ್ಕೊಬ್ಬಿಬ್ಬರಂತೆ ಬಹಳ ಜನ ಬಿಟ್ಟು ಹೋಗಿದಾರೆ, ಸೇರಿದವರಿಗಿಂತ ಜಾಸ್ತಿ. ಅರ್ಧ ನಿಮಿಷ ಆಗೋದ್ರೊಳಗೆ ನೋಡ್ತಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಎದ್ದಿದಾರೆ. ಯಾಕೆ ಅಂದ್ರೆ ನಾನು ಸೂಜಿ ಮುಟ್ಟೋಕೆ ಮುಂಚೆ ನಾಲ್ಕು ನಿಮಿಷ ಪುರಾಣ ಹೇಳಿದೀನಿ. ಅದು ನನ್ನ ತಪ್ಪು, ಒಪ್ಕೋತೀನಿ. ಅದು ಇಲ್ಲಿ ಕಾಣತ್ತೆ. ಬರೀ ಒಟ್ಟು ಸಂಖ್ಯೆ ಇಳಿದಿದ್ದು ನೋಡಿದ್ರೆ ಏನೂ ಕಾಣಲ್ಲ. ವಿಪರ್ಯಾಸ ಏನು ಗೊತ್ತಾ? ಹಾಕಿದ ದಿನ ಹಳ್ಳ ಬೀಳ್ಲಿಲ್ಲ ಅಂತ ನೀವು ಮುಚ್ಚಿಡದೇ ಬಿಟ್ಟಿರೋದು ಅದನ್ನೇ."

ಅತ್ತೆಯದರಲ್ಲಿ ಹಾಗಿರಲಿಲ್ಲ. ನೋಡಲು ಕೂತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೊನೆಯವರೆಗೂ ಕೂತಿದ್ದರು. ಅವಳ ಯಾವ ಪಾಠಕ್ಕೂ ಅಷ್ಟು ಜನ ಕೂತಿರಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಅವಳಿಗೆ. ಕೋಟಿನಲ್ಲಿ ತೂತು ಬಿದ್ದ ಯಾರೋ ನಾಲ್ಕೈದು ಜನ ಫೋನಿನಲ್ಲಿ ಸರ್ಚ್ ಮಾಡಿ ಈ ವಿಡಿಯೋವನ್ನೇ ಹುಡುಕಿಕೊಂಡೂ ಬಂದಿದ್ದರು. ತೂತು ಬೀಳುವುದು ನಿಲ್ಲುವುದಿಲ್ಲ. ಇಂಥ ಪಾಠಕ್ಕೆ ಜನ ನಿಧಾನವಾಗಿ, ತಿಂಗಳುಗಟ್ಟಲೆ ಬರುತ್ತಿರುತ್ತಾರೆ. ಅಷ್ಟು ದಿನ ಬಾಗಿಲು ತೆರೆದಿರಬೇಕು, ಅಷ್ಟೇ. ಇಷ್ಟನ್ನು ಅವನಿಗೆ ಅರ್ಥ ಮಾಡಿಸುವಷ್ಟರಲ್ಲಿ ಅವಳ ಗಂಟಲು ಒಣಗಿತ್ತು.

ಕೊನೆಗೂ ಮ್ಯಾನೇಜರ್ ಕಾಲರನ್ನು ತೆರೆದ, ಜಿಪ್ಪನ್ನು ತೆರೆದ, ಜೇಬನ್ನೂ ತೆರೆದ. ತೆರೆದ ಮೇಲೆ ತಾನೇ ಏನೋ ಮಹಾ ಸತ್ಯ ಕಂಡುಹಿಡಿದವನ ಹಾಗೆ ಎದ್ದು ಒಳಗೆ ನಡೆದ. ಟೈಲರಮ್ಮನಿಗೆ ನೆಮ್ಮದಿಯಾಯಿತು. ಇನ್ನು ಅತ್ತೆಗೆ ಹೇಳುವುದೊಂದೇ ಬಾಕಿ. ಹೇಳಿದರೆ ಸೂಜಿ ಡಬ್ಬಿ ಕೆಳಗೆ ಬರುತ್ತದೆ ಎಂದುಕೊಂಡು ಅವನ ಹಿಂದೆಯೇ ಹೋದಳು.

ಅತ್ತೆ ಕಿಟಕಿಯ ಹತ್ತಿರ ಕೈ ಕಟ್ಟಿಕೊಂಡು ಕೂತಿದ್ದರು.

"ಅಮ್ಮಾ, ಗೊತ್ತಾಯ್ತಮ್ಮ! ನಿಂದೇನೂ ತಪ್ಪಿಲ್ಲ" ಎಂದ ಮಗ, ಬಹುಮಾನ ಕೊಡುವವನ ದನಿಯಲ್ಲಿ. "ಅವರ್ಯಾರೂ ನಿನ್ನ ವಿಡಿಯೋ ನೋಡಿ ಹೋದವರಲ್ಲ. ನೋಡೇ ಇಲ್ಲ ಅವರು! ಹೆಸರು ಕಾಣ್ತು, ಬೇಡ ಅಂತ ಹೋದ್ರು, ಅಷ್ಟೇ. ಒಳಗೇನಿದೆ ಅಂತಾನೇ ಗೊತ್ತಿಲ್ಲ ಅವರಿಗೆ. ನೋಡದೇ ಇರೋರು ಹೋದ್ರೆ ನಾವ್ಯಾಕೆ ತಲೆ ಕೆಡಿಸ್ಕೊಬೇಕು ಹೇಳು?"

ಅತ್ತೆ ನಿಧಾನವಾಗಿ ಕೇಳಿದರು, "ನೋಡದೇ ಹೋದ್ರಾ?"

"ಹೂಂನಮ್ಮ. ಒಂದು ನಿಮಿಷಾನೂ ನೋಡಿಲ್ಲ."

"ನೀನು ನೋಡಿದ್ಯೇನೋ?"

"ನಾನಾ? ನಾನೇ ಅಲ್ವೇನಮ್ಮ ಥಂಬ್‌ನೇಲ್ ಮಾಡಿದ್ದು…"

"ಅದಲ್ಲ ಕೇಳಿದ್ದು. ನನ್ನ ಮುಖ ಕಂಡು ಜನ ಓಡಿಹೋದ್ರು ಅಂದ್ಯಲ್ಲ. ನೀನು ಪೂರ್ತಿ ನೋಡಿದ್ಯಾ?"

ಅವನು ಹೆಂಡತಿಯ ಕಡೆ ನೋಡಿದ. ಮನೆಯಲ್ಲಿ ಏನೇ ಆದರೂ ಕೊನೆಗೆ ಅವಳು ಏನಾದರೊಂದು ಹೇಳಿ ಅವನನ್ನು ದಡ ಹತ್ತಿಸುತ್ತಿದ್ದಳು. ಈ ಸಲ ಅವಳು ಅತ್ತೆಯ ಕಡೆ ತಿರುಗಿದಳು. ಥಂಬ್‌ನೇಲಿಗೆ ಬೇಕೆಂದು ಅವನು ಮಧ್ಯದಿಂದ ಒಂದು ಚಿತ್ರ ಕಿತ್ತುಕೊಂಡದ್ದು ಬಿಟ್ಟರೆ ಏನನ್ನೂ ನೋಡಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವನು ಅವಳ ಕಾಲರನ್ನೂ ನೋಡಿರಲಿಲ್ಲ, ಜೇಬನ್ನೂ ನೋಡಿರಲಿಲ್ಲ. ಇಷ್ಟು ದಿನ ಅದನ್ನು ಅವಳು ಕೇಳಿಯೇ ಇರಲಿಲ್ಲ. ಎಲ್ಲ ಲೆಕ್ಕ ತೆಗೆದು ನೋಡಿದವಳಿಗೆ ಈ ಒಂದು ಪ್ರಶ್ನೆ ಹೊಳೆದಿರಲಿಲ್ಲ.

"ಇಲ್ಲಮ್ಮ" ಎಂದ ಅವನು. ದನಿ ಚಿಕ್ಕದಾಗಿತ್ತು.

"ಅವರು ಯಾರೋ ಏನೋ, ಬಂದ್ರು ಹೋದ್ರು. ಅವರನ್ನ ಕಟ್ಕೊಂಡು ನನಗೇನಾಗ್ಬೇಕು?" ಎಂದರು ಅತ್ತೆ. ಅಳಲಿಲ್ಲ, ಜೋರೂ ಮಾಡಲಿಲ್ಲ. ಪಕ್ಕದ ಸ್ಟೂಲಿನ ಮೇಲಿದ್ದ ಬಟ್ಟೆಗಳನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. "ಕೂತ್ಕೊ. ಹಾಕು ಅದನ್ನ. ನೋಡಿ ಆದ್ಮೇಲೆ ಓಡಿಹೋಗ್ಬೇಕು ಅನ್ನಿಸಿದ್ರೆ ಹೋಗು, ಬೇಡ ಅನ್ನಲ್ಲ."

ಅವನು ಕೂತ. ಫೋನು ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡು ವಿಡಿಯೋ ಹಾಕಿದ. ಅತ್ತೆಯ ದನಿ ಫೋನಿನೊಳಗಿಂದ ಬರತೊಡಗಿತು: ಮೊದಲು ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ, ಎಳೆ ಯಾವ ಕಡೆ ಓಡುತ್ತಿದೆ ಎಂದು ನೋಡಿಕೊಳ್ಳಿ. ಟೈಲರಮ್ಮ ಬಾಗಿಲಲ್ಲೇ ನಿಂತಳು. ಎರಡು ದಿನದಿಂದ ಕುದಿಯುತ್ತಿದ್ದ ಸಿಟ್ಟು ಎಲ್ಲಿ ಹೋಯಿತೋ, ಇವನ ಮುಖದಲ್ಲಿ ಬೇಸರ ಕಂಡರೆ ಸೂಜಿ ಡಬ್ಬಿ ಇನ್ನೆಂದೂ ಕೆಳಗೆ ಬರುವುದಿಲ್ಲ ಎಂದು ಅವಳಿಗೀಗ ಬರೀ ಹೆದರಿಕೆಯಾಗುತ್ತಿತ್ತು.

ಅತ್ತೆ ಫೋನಿನ ಕಡೆ ತಿರುಗಿಯೂ ನೋಡಲಿಲ್ಲ. ಅವರು ಮಗನ ಮುಖವನ್ನೇ ನೋಡುತ್ತ ಕೂತಿದ್ದರು.